ಇಳಕಲ್ ಸೀರೆಯ ವಿವರ, ಎರಡು ಭಾಷೆಗಳಲ್ಲಿ

ಆನ್‌ಲೈನ್ ಮಾರುಕಟ್ಟೆಗಾಗಿ ಇಳಕಲ್ ಸೀರೆಯ ವಿವರವನ್ನು ಇಂಗ್ಲಿಷಿಗೆ ತರುವಾಗ ‘ಟೋಪ್ ತೆನಿ’ ಸೆರಗು, ಕಸೂತಿ ಮೊದಲಾದ ಹೆಸರುಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಚಿಕ್ಕ ವಿವರಣೆ ಕೊಡಬೇಕು. ಬಲ್ಲವರು ಸೀರೆ ಹುಡುಕುವುದು ಆ ಹೆಸರುಗಳಿಂದಲೇ. ಇಂಗ್ಲಿಷ್ ವಿವರ ಕನ್ನಡಕ್ಕೆ ಬರುವಾಗ ಎಡವಿಸುವುದು ‘ಆರ್ಟ್ ಸಿಲ್ಕ್’. ಅದು ಕಲಾತ್ಮಕ ರೇಷ್ಮೆಯಲ್ಲ, ಕೃತಕ ರೇಷ್ಮೆ. ತಪ್ಪಾಗಿ ಬರೆದರೆ ಗ್ರಾಹಕರು ಅಸಲಿ ರೇಷ್ಮೆಯೆಂದೇ ನಂಬಿ ಕೊಳ್ಳುತ್ತಾರೆ. ಕೈಗೆ ಬಂದ ಮೇಲೆ ಹಿಂದಿರುಗಿಸುತ್ತಾರೆ.

ಗ್ರಾಹಕರ ಪ್ರಶ್ನೆಗಳಲ್ಲಿ ತೊಡಕು ಬೇರೆ. ‘ಬ್ಲೌಸ್ ಪೀಸ್ ಇಲ್ವಾ?’ ಎಂದಾಗ ಕನ್ನಡದಲ್ಲಿ ‘ಹೌದು’ ಎಂದರೆ ಇಲ್ಲವೆಂದೇ ಅರ್ಥ. ಇಂಗ್ಲಿಷಿನಲ್ಲಿ ‘ಯೆಸ್’ ಎಂದರೆ ಇದೆ ಎಂದಾಗುತ್ತದೆ. ಆದ್ದರಿಂದ ಒಂದೇ ಪದದಲ್ಲಿ ಮುಗಿಸದೆ, ‘ಈ ಸೀರೆಯ ಜೊತೆ ಬ್ಲೌಸ್ ಪೀಸ್ ಬರುವುದಿಲ್ಲ’ ಎಂದು ಪೂರ್ತಿ ವಾಕ್ಯದಲ್ಲಿ ಉತ್ತರಿಸುವುದೇ ಸರಿ.