ಅರ್ಥ ಹೇಳಿ ನಿಲ್ಲದ ಪದಕೋಶ

ಜಮೀನಿನ ದಾಖಲೆಗಳ ಬಗ್ಗೆ ಒಂದು ಜಾಲತಾಣ ಮಾಡುತ್ತೀರಿ ಎಂದುಕೊಳ್ಳಿ. ಪಹಣಿ, ಮ್ಯುಟೇಶನ್, ಪೋಡಿ, ಹಿಸ್ಸಾ ಎಂದು ಐವತ್ತು ಪದ ಪಟ್ಟಿಮಾಡಿ, ಪ್ರತಿಯೊಂದಕ್ಕೂ ಎರಡು ಸಾಲಿನ ಅರ್ಥ ಬರೆದು, ಒಂದೊಂದಕ್ಕೂ ಬೇರೆ ಪುಟ ಕೊಟ್ಟರೆ ಓದುಗರು ಬರುವುದು ಕಷ್ಟ. ಅಷ್ಟು ಚಿಕ್ಕ ಅರ್ಥವನ್ನು ಗೂಗಲ್ ಎಷ್ಟೋ ಸಲ ತನ್ನ ಪುಟದಲ್ಲೇ ತೋರಿಸಿಬಿಡುತ್ತದೆ.

ಅರ್ಥ ತಿಳಿದ ಮೇಲೂ ಕೇಳುವುದು ಉಳಿಯುವ ಪದಕ್ಕೆ ಮಾತ್ರ ಸ್ವಂತ ಪುಟ ಬೇಕು. ಪೋಡಿ ಅಂಥದ್ದು. ಒಂದೇ ಸರ್ವೆ ನಂಬರಿನ ಜಮೀನನ್ನು ಅಳೆದು, ಪಾಲು ಮಾಡಿ, ಪ್ರತಿ ಪಾಲಿಗೂ ಪ್ರತ್ಯೇಕ ನಂಬರು ಕೊಡುವುದೇ ಪೋಡಿ. ಪುಟದ ಮೊದಲ ಸಾಲಿನಲ್ಲೇ ಇದಿರಲಿ. ಬಳಿಕ ಉದಾಹರಣೆ: ಸರ್ವೆ ನಂಬರ್ 45ರಲ್ಲಿ ಅಣ್ಣತಮ್ಮಂದಿರಿಗೆ ನಾಲ್ಕು ಎಕರೆ ಇದೆ. ಪಹಣಿಯ 9ನೇ ಕಾಲಂನಲ್ಲಿ ಇಬ್ಬರ ಹೆಸರೂ ಜಂಟಿಯಾಗಿದೆ. ಪೋಡಿಯಾದರೆ ಅದು 45/1, 45/2 ಎಂದಾಗಿ ಇಬ್ಬರಿಗೂ ಬೇರೆ ಬೇರೆ ಪಹಣಿ ಬರುತ್ತದೆ. ಮ್ಯುಟೇಶನ್‌ಗೂ ಇದಕ್ಕೂ ಏನು ವ್ಯತ್ಯಾಸ ಎಂಬುದನ್ನೂ ಅಲ್ಲೇ ಹೇಳಬೇಕು. ಮ್ಯುಟೇಶನ್ ದಾಖಲೆಯಲ್ಲಿ ಹಕ್ಕುದಾರರನ್ನು ಬದಲಿಸುತ್ತದೆ, ಪೋಡಿ ಜಮೀನಿನ ಗಡಿಯನ್ನೇ ಬಿಡಿಸಿಡುತ್ತದೆ. ಜನ ತಡಕಾಡುವುದು ಇಲ್ಲಿಯೇ. ಅದನ್ನು ಬಿಡಿಸಿ ಹೇಳಿದ ಪುಟಕ್ಕೆ ಅವರು ಬಂದೇ ಬರುತ್ತಾರೆ.

ಹೇಳಲು ಇಷ್ಟಿಲ್ಲದ ಪದಗಳನ್ನು ಒಂದೇ ಪುಟದಲ್ಲಿ ಅಕಾರಾದಿಯಾಗಿ ಇಡುವುದು ಲೇಸು. ಪ್ರತಿ ಪದಕ್ಕೂ ಒಂದು ಗುರುತು ಕೊಟ್ಟರೆ ಬೇರೆ ಪುಟಗಳಿಂದ ನೇರ ಅಲ್ಲಿಗೇ ಕೊಂಡಿ ಹಾಕಬಹುದು:

```html
<h3 id="hissa">ಹಿಸ್ಸಾ</h3>
```

ಕನ್ನಡದಲ್ಲಿ ಇನ್ನೊಂದು ಕೆಲಸವಿದೆ. ಒಬ್ಬರು ಪಹಣಿ ಎಂದು ಹುಡುಕಿದರೆ ಇನ್ನೊಬ್ಬರು ಆರ್‌ಟಿಸಿ ಎನ್ನುತ್ತಾರೆ, ಮತ್ತೊಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ pahani ಎಂದು ಬರೆಯುತ್ತಾರೆ. ಇವೆಲ್ಲವೂ ಒಂದೇ ಪುಟದ ಬರಹದೊಳಗೆ ಸಹಜವಾಗಿ ಬರಬೇಕೇ ಹೊರತು ಮೂರು ಪುಟಗಳಾಗಬಾರದು. ಮೂರಾದರೆ ಅವು ಒಂದರ ಜಾಗವನ್ನು ಒಂದು ಕಸಿಯುತ್ತವೆ. ಸರ್ಚ್ ಕನ್ಸೋಲ್‌ನಲ್ಲಿ ಒಂದೇ ಹುಡುಕಾಟಕ್ಕೆ ನಿಮ್ಮ ಬೇರೆ ಬೇರೆ ಪುಟಗಳು ಸರದಿಯಂತೆ ಕಾಣಿಸಿಕೊಳ್ಳುತ್ತಿದ್ದರೆ ಆಗಿರುವುದು ಬಹುಶಃ ಇದೇ.

ಪ್ರಶ್ನೋತ್ತರದ ಪುಟಕ್ಕೆ ಒಂದು ಕಾಲದಲ್ಲಿ ಬೇರೆ ಆಕರ್ಷಣೆಯಿತ್ತು. FAQPage ಎಂಬ ಗುರುತು ಸೇರಿಸಿದರೆ ಗೂಗಲ್ ಫಲಿತಾಂಶದ ಕೆಳಗೇ ಪ್ರಶ್ನೆಗಳನ್ನು ತೋರಿಸುತ್ತಿತ್ತು. 2023ರ ಆಗಸ್ಟ್‌ನಲ್ಲಿ ಅದನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಲಾಯಿತು. ಹಾಗಾಗಿ ಆ ಆಸೆಗೆ ಪ್ರಶ್ನೆ ಕಟ್ಟುವುದನ್ನು ಬಿಡಬೇಕು. ಜನ ಫೋನಿನಲ್ಲಿ, ಸರ್ವೆ ಕಚೇರಿಯ ಮುಂದೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ಅಣ್ಣ ಸಹಿ ಹಾಕದಿದ್ದರೆ ಪೋಡಿ ಆಗುತ್ತಾ?" ಎಂಬುದು ಪ್ರಶ್ನೆ. "ನಮ್ಮ ಸೇವೆ ಏಕೆ ಉತ್ತಮ?" ಎಂಬುದು ಜಾಹೀರಾತು, ಅದನ್ನು ಯಾರೂ ಹುಡುಕುವುದಿಲ್ಲ.

ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕುವುದಕ್ಕಿಂತ ಆಯಾ ವಿಷಯದ ಪುಟದ ಕೊನೆಯಲ್ಲಿ ನಾಲ್ಕೈದನ್ನು ಇಡುವುದು ಮೇಲು. ಉತ್ತರದ ಮೊದಲ ವಾಕ್ಯವೇ ಆಗುತ್ತದೋ ಇಲ್ಲವೋ ಹೇಳಲಿ, ವಿವರ ಆಮೇಲೆ. ಉತ್ತರ ಮೂರು ಪ್ಯಾರಾ ದಾಟಿದರೆ ಆ ಪ್ರಶ್ನೆಗೂ ಸ್ವಂತ ಪುಟ ಮಾಡಿ, ಇಲ್ಲಿ ಎರಡು ಸಾಲು ಮತ್ತು ಕೊಂಡಿ ಉಳಿಸಿ.