ಎರೆಭೂಮಿಯಲ್ಲಿ ಸಣ್ಣ ಮನೆಗೆ ತಕ್ಕ ಅಸ್ತಿಭಾರ

ಎರೆಭೂಮಿಯ ಗ್ರಾಮಗಳಲ್ಲಿ ಹೊಸದಾಗಿ ಕಟ್ಟಿದ ಮನೆಯು ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿಯೇ ಬಿರುಕು ಬಿಡುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಬಾಗಿಲಿನ ಮೇಲ್ಮೂಲೆಯಿಂದ ಓರೆಯಾಗಿ ಹೊರಟ ಸೀಳು ಛಾವಣಿಯವರೆಗೆ ಏರುವುದು. ಕದವು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ನೆಲವು ಮೆತ್ತಗಿದ್ದು ಗೋಡೆ ಕುಸಿದಿದೆಯೆಂದೂ, ಪಾಯವನ್ನು ಇನ್ನಷ್ಟು ಅಗಲ ಮಾಡಿದ್ದರೆ ಸಾಕಾಗುತ್ತಿತ್ತೆಂದೂ ಸಾಮಾನ್ಯವಾಗಿ ಹೇಳುವರು. ಈ ಅಭಿಪ್ರಾಯವು ಸರಿಯಲ್ಲ. ಇದನ್ನು ನಂಬಿ ಮಾಡಿದ ವೆಚ್ಚವು ಬಹುಮಟ್ಟಿಗೆ ವ್ಯರ್ಥವಾಗುವುದು.

ಎರೆಮಣ್ಣಿನ ದೋಷವು ಮೆತುವಲ್ಲ, ಚಲನೆ. ನೀರು ಕುಡಿದಾಗ ಅದು ಉಬ್ಬುವುದು. ಒಣಗಿದಾಗ ಕುಗ್ಗಿ ಬಾಯಿ ಬಿಡುವುದು. ಉಬ್ಬುವ ಮಣ್ಣು ತನ್ನ ಮೇಲಿರುವುದನ್ನು ಒತ್ತುವ ಬಲವು ಚದರ ಮೀಟರಿಗೆ 20 ಟನ್ನನ್ನೂ ಮೀರುವುದುಂಟು. ಒಂದಂತಸ್ತಿನ ಮನೆಯ ಗೋಡೆಯಾದರೋ 3 ಅಡಿ ಅಗಲದ ಪಾಯದ ಮೇಲೆ ಚದರ ಮೀಟರಿಗೆ 3ರಿಂದ 5 ಟನ್ ಭಾರವನ್ನು ಮಾತ್ರ ಇಡುವುದು. ಪಾಯವನ್ನು ಅಗಲ ಮಾಡಿದಷ್ಟೂ ಭಾರವು ಹಂಚಿಹೋಗಿ, ಮಣ್ಣಿಗೆ ಗೋಡೆಯನ್ನು ಎತ್ತುವುದು ಇನ್ನೂ ಸುಲಭವಾಗುವುದು. ಮಳೆಯ ನೀರು ಮೊದಲು ಮನೆಯ ಅಂಚನ್ನು ಮುಟ್ಟುವುದರಿಂದ ಮೂಲೆಗಳು ಏಳುವುವು. ಬೇಸಗೆಯಲ್ಲಿ ಅಂಚು ಮೊದಲು ಒಣಗಿ ಅವೇ ಮೂಲೆಗಳು ಇಳಿಯುವುವು. ಗೋಡೆಯ ಬಿರುಕು ಒಂದು ಋತುವಿನಲ್ಲಿ ಅಗಲವಾಗಿ ಇನ್ನೊಂದು ಋತುವಿನಲ್ಲಿ ಕೂಡಿಕೊಳ್ಳುತ್ತಿದ್ದರೆ ಅದು ಉಬ್ಬುವ ನೆಲದ ಗುರುತು. ಕೇವಲ ಕುಸಿತದಿಂದಾದ ಬಿರುಕು ಹೀಗೆ ಕೂಡಿಕೊಳ್ಳುವುದಿಲ್ಲ.

ಆದುದರಿಂದ ಅಸ್ತಿಭಾರವು ಋತುಮಾನದೊಡನೆ ಉಬ್ಬಿ ಕುಗ್ಗುವ ಪದರವನ್ನು ದಾಟಿ, ಅಲುಗದ ನೆಲವನ್ನು ಮುಟ್ಟಬೇಕು. ನಮ್ಮ ದೇಶದ ಆಳವಾದ ಎರೆಯಲ್ಲಿ ಈ ಪದರವು ಸುಮಾರು 3.5 ಮೀಟರು, ಅಂದರೆ ಹನ್ನೊಂದೂವರೆ ಅಡಿಯವರೆಗೆ ಇರುವುದೆಂದು ಎಣಿಸುವರು. ಅದಕ್ಕೂ ಮೇಲೆಯೇ ಗಟ್ಟಿ ಮೊರಂ ಸಿಕ್ಕಿದರೆ ಅಲ್ಲಿಗೇ ನಿಲ್ಲಬಹುದು, ಏಕೆಂದರೆ ಮೊರಂ ಉಬ್ಬುವುದಿಲ್ಲ. ಹೀಗಾಗಿ ಯಾವ ಬಗೆಯ ಅಸ್ತಿಭಾರವೆಂಬುದನ್ನು ನಿರ್ಣಯಿಸುವುದು ಮೊರಂ ಎಷ್ಟು ಆಳದಲ್ಲಿದೆ ಎಂಬ ಒಂದೇ ಸಂಗತಿ. ನೆರೆಯವರ ಮನೆಯ ಪಾಯವನ್ನು ನೋಡಿ ಇದನ್ನು ಊಹಿಸಲಾಗದು. ಒಂದೇ ನಿವೇಶನದ ಎರಡು ಕೊನೆಗಳಲ್ಲಿಯೂ ಮೊರಂ ಬೇರೆ ಬೇರೆ ಆಳದಲ್ಲಿರುವುದುಂಟು. ಚೈತ್ರ ವೈಶಾಖಗಳ ಒಣ ದಿನಗಳಲ್ಲಿ ನಿವೇಶನದ ಎದುರುಬದುರು ಮೂಲೆಗಳಲ್ಲಿ ಎರಡು ಗುಂಡಿಗಳನ್ನು ತೆಗೆಯಿಸಿ ಅಳೆಯತಕ್ಕದ್ದು. ಎರಡರಲ್ಲಿ ಹೆಚ್ಚು ಆಳವಾದುದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮನೆಯ ಅರ್ಧ ಭಾಗವು ಮೊರಂ ಮೇಲೂ ಉಳಿದರ್ಧವು ಎರೆಯ ಮೇಲೂ ನಿಂತರೆ ಗೋಡೆಯು ಆ ಗಡಿಯಲ್ಲಿಯೇ ಸೀಳುವುದು.

ಮೊರಂ 5 ಅಡಿಯೊಳಗೆ ದೊರೆತರೆ ಗೋಡೆಯುದ್ದಕ್ಕೂ ಕಂದಕ ತೋಡಿ, ಮೊರಂನೊಳಗೆ ಅರ್ಧ ಅಡಿ ಇಳಿದು, ಸಾಧಾರಣ ಕಲ್ಲಿನ ಪಾಯವನ್ನು ಕಟ್ಟಬಹುದು. ಅಗೆದ ಎರೆಮಣ್ಣನ್ನು ಪಾಯದ ಇಕ್ಕೆಲಗಳಿಗೆ ಮರಳಿ ತುಂಬದೆ ಮೊರಂ ಹಾಕಿ ದಮ್ಮಸು ಮಾಡತಕ್ಕದ್ದು. ಮೊರಂ 5ರಿಂದ 10 ಅಡಿಯಲ್ಲಿದ್ದರೆ ಉದ್ದಕ್ಕೂ ಕಂದಕ ತೋಡುವುದು ದುಬಾರಿ. ಮೂಲೆಗಳಲ್ಲಿಯೂ ಗೋಡೆಗಳು ಕೂಡುವಲ್ಲಿಯೂ ಮಾತ್ರ ಗುಂಡಿ ತೋಡಿ, ಮೊರಂನಿಂದ ಕಂಬಗಳನ್ನೆಬ್ಬಿಸಿ, ಅವುಗಳ ಮೇಲೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ತೊಲೆಯನ್ನಿಟ್ಟು ಗೋಡೆ ಕಟ್ಟುವುದು ಲೇಸು.

ಮೊರಂ ಇನ್ನೂ ಆಳದಲ್ಲಿದ್ದರೆ ಬುಡದಲ್ಲಿ ಗಡ್ಡೆಯಿರುವ ಕಾಂಕ್ರೀಟು ಕಂಬಗಳೇ ತಕ್ಕವು. ಇವನ್ನು ಇಂಜಿನಿಯರುಗಳು ಅಂಡರ್‌ರೀಮ್ಡ್ ಪೈಲ್ ಎನ್ನುವರು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯು ಇವನ್ನು ನಮ್ಮ ದೇಶದಲ್ಲಿ ಬಳಕೆಗೆ ತಂದಿತು. ಭಾರತೀಯ ಮಾನಕ 2911ರ 3ನೆಯ ಭಾಗವು ಇವುಗಳ ನಿಯಮಗಳನ್ನು ವಿಧಿಸಿದೆ. ಕೈಬೈರಿಗೆಯಿಂದ 8 ಅಂಗುಲ ವ್ಯಾಸದ ರಂಧ್ರವನ್ನು ಹನ್ನೊಂದೂವರೆ ಅಡಿ ಆಳಕ್ಕೆ ಕೊರೆದು, ಬುಡದ ಬಳಿ ಅಗಲಿಸುವ ಸಲಕರಣೆಯಿಂದ 20 ಅಂಗುಲ ವ್ಯಾಸದ ಗಡ್ಡೆಯಾಕಾರವನ್ನು ಕೆತ್ತುವರು. ಸರಳಿನ ಪಂಜರವನ್ನಿಳಿಸಿ ಕಾಂಕ್ರೀಟು ತುಂಬಿದಾಗ ಆ ಗಡ್ಡೆಯು ಕೆಳಗೆ ಭಾರವನ್ನು ಹೊರುವುದಲ್ಲದೆ, ಮೇಲಿನ ಮಣ್ಣು ಉಬ್ಬಿ ಕಂಬವನ್ನು ಎಳೆದಾಗ ಬೇರಿನಂತೆ ಹಿಡಿದು ನಿಲ್ಲಿಸುವುದು. ಈ ಅಳತೆಯ ಒಂದು ಕಂಬಕ್ಕೆ 8 ಟನ್ ಭಾರವನ್ನು ಮಾನಕವು ಒಪ್ಪುವುದು.

ನವಲಗುಂದದ ಕಡೆಯ ಆಳವಾದ ಎರೆಯಲ್ಲಿ 20 ಅಡಿ ಅಗಲ, 30 ಅಡಿ ಉದ್ದ, ನಡುವೆ ಒಂದು ಅಡ್ಡಗೋಡೆಯುಳ್ಳ, ಕಾಂಕ್ರೀಟು ಛಾವಣಿಯ ಒಂದಂತಸ್ತಿನ ಮನೆಯನ್ನು ಕಟ್ಟಬೇಕೆಂದು ಭಾವಿಸೋಣ. ಗುಂಡಿಗಳಲ್ಲಿ ಮೊರಂ 14 ಅಡಿಗೆ ಕಂಡಿತೆನ್ನೋಣ. ಗೋಡೆಗಳ ಒಟ್ಟು ಉದ್ದ 120 ಅಡಿ. 3 ಅಡಿ ಅಗಲದ ಕಂದಕವನ್ನು ಮೊರಂವರೆಗೆ ತೋಡಿದರೆ 5,040 ಘನ ಅಡಿ ಅಗೆತವಾಗುವುದು. ಇದರ ಬದಲು ಕಂಬಗಳನ್ನು ಲೆಕ್ಕ ಮಾಡೋಣ. 20 ಅಡಿಯ ಹೊರಗೋಡೆಗಳಲ್ಲಿ ಸುಮಾರು 6 ಅಡಿ 8 ಅಂಗುಲಕ್ಕೊಂದರಂತೆಯೂ, 30 ಅಡಿಯ ಗೋಡೆಗಳಲ್ಲಿ ಏಳೂವರೆ ಅಡಿಗೊಂದರಂತೆಯೂ ಇಟ್ಟರೆ ಸುತ್ತಲೂ 14 ಕಂಬಗಳಾಗುವುವು. ಅಡ್ಡಗೋಡೆಯು ಎರಡೂ ಕಡೆಯ ಛಾವಣಿಯನ್ನು ಹೊರುವುದರಿಂದ ಅಲ್ಲಿ 5 ಅಡಿಗೊಂದರಂತೆ ಒಳಗೆ 3 ಕಂಬಗಳು ಬೇಕು. ಒಟ್ಟು 17. ಗೋಡೆ, ಛಾವಣಿ, ತೊಲೆ ಎಲ್ಲವನ್ನೂ ಕೂಡಿಸಿದರೆ ಅಡ್ಡಗೋಡೆಯ ಒಂದು ಕಂಬಕ್ಕೆ ಆರೂಮುಕ್ಕಾಲು ಟನ್ನಿನಷ್ಟೂ, ಅದು ಹೊರಗೋಡೆಯನ್ನು ಕೂಡುವ ಕಡೆಯ ಕಂಬಕ್ಕೆ ಏಳೂಕಾಲು ಟನ್ನಿನಷ್ಟೂ ಬೀಳುವುದು. ಎಲ್ಲವೂ 8 ಟನ್ನಿನೊಳಗೇ ಇವೆ. ಕಂಬಗಳಿಗೆ ಬೇಕಾದ ಕಾಂಕ್ರೀಟು 80ರಿಂದ 90 ಘನ ಅಡಿ ಮಾತ್ರ. ಮೇಲಿನ ತೊಲೆಗೆ ಇನ್ನೊಂದು 60 ಘನ ಅಡಿ.

ಈ ಕೆಲಸದಲ್ಲಿ ಎರಡು ಕಡೆ ಹೆಚ್ಚಾಗಿ ತಪ್ಪುವುದುಂಟು. ಮೊದಲನೆಯದು, ಗಡ್ಡೆಯನ್ನು ಸರಿಯಾಗಿ ಕೆತ್ತದಿರುವುದು. ನೆಲದೊಳಗಿನದು ಕಣ್ಣಿಗೆ ಕಾಣದಾದರೂ ಅಳತೆಯಿಂದ ತಿಳಿಯಬಹುದು: ಗಡ್ಡೆಯಿಲ್ಲದ ರಂಧ್ರವು 4 ಘನ ಅಡಿ ಕಾಂಕ್ರೀಟಿಗೇ ತುಂಬುವುದು, ಗಡ್ಡೆಯಿದ್ದರೆ ಸುಮಾರು ನಾಲ್ಕೂಮುಕ್ಕಾಲು ಘನ ಅಡಿ ಹಿಡಿಯುವುದು. ಯಜಮಾನನು ಪಕ್ಕದಲ್ಲಿ ನಿಂತು ಪ್ರತಿಯೊಂದು ರಂಧ್ರಕ್ಕೂ ಹೋದ ಮಾಲನ್ನು ಎಣಿಸತಕ್ಕದ್ದು. ಕೊರೆದ ದಿನವೇ ಕಾಂಕ್ರೀಟು ತುಂಬಿಸಬೇಕು. ಎರಡನೆಯದು, ತೊಲೆಯನ್ನು ನೆಲದ ಮೇಲೆಯೇ ಕೂರಿಸುವುದು. ತೊಲೆಯ ಅಡಿಗೆ 3 ಅಂಗುಲಕ್ಕೆ ಕಡಿಮೆಯಿಲ್ಲದ ತೆರಪು ಇರಲೇಬೇಕು. ಇಲ್ಲವಾದರೆ ಉಬ್ಬಿದ ಮಣ್ಣು ತೊಲೆಯನ್ನೇ ಎತ್ತಿ, ಕಂಬಗಳಿಗೆ ಮಾಡಿದ ವೆಚ್ಚವೆಲ್ಲ ನಿಷ್ಫಲವಾಗುವುದು. ಆ ತೆರಪಿನೊಳಗೆ ಮಣ್ಣು ಸೇರದಂತೆ ಹೊರಬದಿಯಲ್ಲಿ ಇಟ್ಟಿಗೆಯ ಮರೆಯನ್ನು ಕೊಡಬೇಕು.

ಕೊರೆಯುವಾಗ ರಂಧ್ರದಲ್ಲಿ ನೀರು ಒಸರಿದರೆ ಅಥವಾ ಮರಳು ಕುಸಿದರೆ ಗಡ್ಡೆಯು ನಿಲ್ಲದು. ಅಂತಹ ಸ್ಥಳದಲ್ಲಿಯೂ, ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಉದ್ದೇಶವಿದ್ದಲ್ಲಿಯೂ ಮೇಲಿನ ಲೆಕ್ಕವು ಸಲ್ಲುವುದಿಲ್ಲವಾದ ಕಾರಣ, ಇಂಜಿನಿಯರಿಂದ ಬೇರೆ ಲೆಕ್ಕ ಮಾಡಿಸತಕ್ಕದ್ದು.