‘ಇನ್ ಶಾ ಅಲ್ಲಾಹ್’ ಎಂದು ಜಾರಿಕೊಳ್ಳುವ ಮುನ್ನ

ಆಗದ ಕೆಲಸಕ್ಕೂ ನಾವು ‘ಇನ್ ಶಾ ಅಲ್ಲಾಹ್, ನೋಡೋಣ’ ಎಂದು ಜಾರಿಕೊಳ್ಳುತ್ತೇವೆ. ಕೇಳಿದವರು ಅದನ್ನು ಒಪ್ಪಿಗೆಯೆಂದೇ ತಿಳಿದು ಕಾಯುತ್ತಾರೆ. ಆ ಪವಿತ್ರ ಮಾತು ನೆಪವಾಗುವುದು ಹೀಗೆ.

ಮನೆಯಲ್ಲೇ ಬಟ್ಟೆ ಹೊಲಿಯುವ ಸಹೋದರಿಯೊಬ್ಬರು ಇದ್ದಾರೆನ್ನಿ. ಈದ್‌ಗೆ 10 ದಿನವಿದೆ, ಒಪ್ಪಿಕೊಂಡ 20 ಜೊತೆ ಚೂಡಿದಾರ್ ಬಾಕಿ, ದಿನಕ್ಕೆ 2 ಮಾತ್ರ ಮುಗಿಯುತ್ತದೆ. ಅಷ್ಟರಲ್ಲಿ ಅತ್ತಿಗೆ ಇನ್ನೂ 3 ಜೊತೆಯ ಬಟ್ಟೆ ತರುತ್ತಾರೆ. ಬಟ್ಟೆ ಕೈಗೆ ತೆಗೆದುಕೊಳ್ಳುವ ಮೊದಲೇ ಹೇಳಬೇಕು: “ಭಾಬಿ, ಈದ್‌ಗೆ ಆಗೋದಿಲ್ಲ. ಬೇರೆಯವರಿಗೆ ಮೊದಲೇ ಮಾತು ಕೊಟ್ಟಿದ್ದೇನೆ. ಈದ್ ಕಳೆದು ನಾಲ್ಕನೇ ದಿನಕ್ಕೆ ಕೊಡ್ತೀನಿ. ಈದ್‌ಗೇ ಬೇಕಿದ್ದರೆ ಇವತ್ತೇ ಬೇರೆ ಟೈಲರ್ ಹತ್ತಿರ ಕೇಳಿ.”

ಕಾರಣ ಇದೊಂದೇ ಸಾಕು. ತಲೆನೋವು, ಕರೆಂಟಿಲ್ಲ ಎಂದರೆ “ಪರವಾಗಿಲ್ಲ, ನಾಳೆ ಹೊಲಿ” ಎನ್ನುತ್ತಾರೆ. ವಾರ ಕಳೆದು ಹೇಳಿದರಂತೂ ಬೇರೆ ಟೈಲರ್‌ಗಳೂ ಆರ್ಡರ್ ನಿಲ್ಲಿಸಿರುತ್ತಾರೆ. ಅತ್ತಿಗೆಯ ಕೋಪ ಆಗ ನ್ಯಾಯವೇ.